ಚಾರ್ಮಾಡಿ ಘಾಟಿ: ವಾಂತಿ ಇಲ್ಲದೆ ಇಳಿಯುವುದು ಹೇಗೆ?

ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ಬಸ್ಸಲ್ಲಿ ಹೋಗುವವರಿಗೆ ಕೊಟ್ಟಿಗೆಹಾರದವರೆಗೆ ಅಷ್ಟೇನೂ ತೊಂದರೆಯಿಲ್ಲ. ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ. ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು. ನಾವು ಹೋದಾಗ ಜೊತೆಗೆ ಅಮ್ಮ ಮತ್ತು ಅಕ್ಕನ ಎಂಟು ವರ್ಷದ ಮಗಳಿದ್ದರು. ಇಬ್ಬರಿಗೂ ಬಸ್ ಅಂದರೆ ಹೊಟ್ಟೆ ತೊಳಸುತ್ತದೆ.

ಮೊದಲ ಕೆಲಸ ಸೀಟು. ಹಿಂದಿನ ಸೀಟುಗಳು ಹಿಂಚಕ್ರಕ್ಕಿಂತ ಆಚೆ ಚಾಚಿಕೊಂಡಿರುತ್ತವೆ. ತಿರುವಿನಲ್ಲಿ ಜಾಸ್ತಿ ಬೀಸುತ್ತವೆ, ಗುಂಡಿ ಸಿಕ್ಕರೆ ಎತ್ತಿ ಹಾಕುತ್ತವೆ. ಹಾಗಾಗಿ ಮುಂದಿನಿಂದ ಎರಡನೇ ಅಥವಾ ಮೂರನೇ ಸಾಲು ಹಿಡಿಯಿರಿ. ಡ್ರೈವರ್ ಪಕ್ಕದ ಎಂಜಿನ್ ಹತ್ತಿರ ಬೇಡ, ಬಿಸಿ ಮತ್ತು ಡೀಸೆಲ್ ವಾಸನೆ ಇನ್ನಷ್ಟು ಕೆಡಿಸುತ್ತದೆ. ಕಿಟಕಿ ಸ್ವಲ್ಪ ತೆರೆದಿರಲಿ, ತಲೆ ಮಾತ್ರ ಹೊರಗೆ ಹಾಕಬೇಡಿ.

ಕೂತ ಮೇಲೆ ಕಣ್ಣು ಎಲ್ಲಿದೆ ಅನ್ನುವುದು ಮುಖ್ಯ. ದೇಹ ಓಲಾಡುತ್ತಿದೆ ಅಂತ ಒಳಕಿವಿ ಹೇಳುತ್ತದೆ. ಮೊಬೈಲ್ ನೋಡುವ ಕಣ್ಣು ಎಲ್ಲವೂ ನಿಂತಿದೆ ಅನ್ನುತ್ತದೆ. ಈ ಜಗಳವೇ ವಾಕರಿಕೆಗೆ ಕಾರಣ. ಡ್ರೈವರ್‌ಗೆ ವಾಂತಿ ಬರದಿರುವುದು ಇದಕ್ಕೇ, ತಿರುವು ಬರುವುದು ಅವರಿಗೆ ಮೊದಲೇ ಗೊತ್ತಿರುತ್ತದೆ ಅಲ್ವಾ? ಪಕ್ಕದ ಮರಗಳನ್ನು ಬಿಟ್ಟು ಮುಂದಿನ ರಸ್ತೆ ಅಥವಾ ದೂರದ ಗುಡ್ಡ ನೋಡಿ. ತಲೆಯನ್ನು ಸೀಟಿಗೆ ಒರಗಿಸಿಡಿ. ಅದೂ ಆಗದಿದ್ದರೆ ಕಣ್ಣು ಮುಚ್ಚಿ.

ಖಾಲಿ ಹೊಟ್ಟೆಯಲ್ಲಿ ಹೋದರೆ ವಾಂತಿ ಬರಲ್ಲ ಅನ್ನುವವರ ಮಾತು ಕೇಳಬೇಡಿ. ಕೊಟ್ಟಿಗೆಹಾರದ ನೀರುದೋಸೆ ಇದಕ್ಕೆ ಹೇಳಿ ಮಾಡಿಸಿದ್ದು, ಎರಡು ಸಾಕು. ಬನ್ಸ್, ಪೂರಿ, ದೊಡ್ಡ ಲೋಟ ಕಾಫಿ ಇಳಿದ ಮೇಲೆ ಇರಲಿ. ಅಮ್ಮ ಬಾಯಲ್ಲಿ ಶುಂಠಿ ಚೂರು ಇಟ್ಟುಕೊಂಡಿದ್ದರು. ಶುಂಠಿಯಿಂದ ಕೆಲವರಿಗೆ ವಾಕರಿಕೆ ತಗ್ಗುತ್ತದೆ, ಎಲ್ಲರಿಗೂ ಅಲ್ಲ. ನಿಂಬೆಹಣ್ಣು ಮೂಸುವುದರಿಂದ ಬೇರೆ ಕೆಟ್ಟ ವಾಸನೆ ಮರೆಯಾಗುತ್ತದೆ, ಅಷ್ಟೇ.

ಪ್ರೊಮೆಥಜೀನ್ ಥರದ ಮಾತ್ರೆ ತೆಗೆದುಕೊಳ್ಳುವುದಾದರೆ ಒಂದೆರಡು ಗಂಟೆ ಮೊದಲೇ ನುಂಗಬೇಕು, ಅಂದರೆ ಚಿಕ್ಕಮಗಳೂರು ಬಿಡುವಾಗಲೇ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದೂ ವಾಂತಿಯಲ್ಲೇ ಹೋಗಬಹುದು. ಇದರಿಂದ ನಿದ್ದೆ ಜೋರಾಗಿ ಬರುತ್ತದೆ, ಗಾಡಿ ಓಡಿಸುವವರಿಗೆ ಸಲ್ಲದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಉಳಿದ ಮಕ್ಕಳಿಗೆ, ಗರ್ಭಿಣಿಯರಿಗೆ ಮತ್ತು ಬೇರೆ ಮಾತ್ರೆ ತೆಗೆದುಕೊಳ್ಳುವವರಿಗೆ ಡಾಕ್ಟರನ್ನು ಕೇಳದೆ ಬೇಡ.

ಮಕ್ಕಳು ಮೊದಲೇ ಹೇಳುವುದಿಲ್ಲ, ಮುಖ ನೋಡಬೇಕು. ವಟವಟ ಅನ್ನುತ್ತಿದ್ದ ನಮ್ಮ ಹುಡುಗಿ ಘಾಟಿಯ ಅರ್ಧದಲ್ಲಿ ಸುಮ್ಮನಾದಳು. ಎರಡು ಸಲ ಆಕಳಿಸಿದಳು, ಮತ್ತೆ ಮತ್ತೆ ಉಗುಳು ನುಂಗಿದಳು. ಹಣೆ ಮುಟ್ಟಿದರೆ ತಣ್ಣನೆ ಬೆವರು. ಅಷ್ಟಾದ ಮೇಲೆ ವಾಂತಿ ದೂರವಿರುವುದಿಲ್ಲ. ಕಿಟಕಿ ಪೂರ್ತಿ ಸರಿಸಿ, ಅವಳ ತಲೆ ನನ್ನ ಭುಜಕ್ಕೆ ಒರಗಿಸಿ, ದೂರದ ಗುಡ್ಡ ತೋರಿಸಿದೆ. ಕವರ್ ಕೈಯಲ್ಲೇ ಇತ್ತು, ಬೇಕಾಗಲಿಲ್ಲ. ವಾಂತಿ ಆಗಿಬಿಟ್ಟರೆ ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಬಿಟ್ಟು ಗುಟುಕು ಗುಟುಕಾಗಿ ನೀರು ಕೊಡಿ. ಒಂದೇ ಸಲ ಬಾಟಲಿ ಎತ್ತಿ ಕುಡಿಸಿದರೆ ಅದೂ ವಾಪಸ್ ಬರುತ್ತದೆ.

ಘಾಟಿ ಮುಗಿದ ಮೇಲೆ ಸಿಗುವ ಉಜಿರೆಯಲ್ಲಿ ಇಳಿದವರು ಅರ್ಧ ಗಂಟೆ ಓಡಾಡಿ, ಆಮೇಲೆ ಊಟಕ್ಕೆ ಕೂರುವುದು ಒಳ್ಳೆಯದು.