ಕೆಂಪು ಲೈಟು ಉರಿಯುತ್ತೆ, ನೀರು ಮಾತ್ರ ಕಾಯಲ್ಲ

ಗೀಸರಿನ ಕೆಂಪು ಲೈಟು ಉರಿಯುತ್ತಿದೆ ಅಂದರೆ ಗೀಸರಿನ ಬಾಗಿಲವರೆಗೆ ಕರೆಂಟ್ ಬಂದಿದೆ ಅಂತಷ್ಟೇ ಅರ್ಥ. ಅದು ನೀರು ಕಾಯಿಸುವ ಎಲಿಮೆಂಟಿಗೆ ಮುಟ್ಟಿದೆಯೋ ಇಲ್ಲವೋ ಅನ್ನುವುದನ್ನು ಆ ಲೈಟು ಹೇಳುವುದಿಲ್ಲ. ಮಧ್ಯದಲ್ಲಿ, ನೀರು ಮಿತಿ ಮೀರಿ ಕಾದರೆ ಕರೆಂಟ್ ಕಡಿಯುವ ಥರ್ಮಲ್ ಕಟ್‌ಔಟ್ ಮತ್ತು ನೀರಿನ ಬಿಸಿಯನ್ನು ನಾಬ್ ಇಟ್ಟಷ್ಟಕ್ಕೇ ನಿಲ್ಲಿಸುವ ಥರ್ಮೋಸ್ಟಾಟ್ ಕೂತಿರುತ್ತವೆ. ಮೂರೂ ಒಂದರ ಹಿಂದೆ ಒಂದು ಜೋಡಿಸಿದವು. ಹಾಗಾಗಿ ಯಾವುದು ಕೈಕೊಟ್ಟರೂ ಹೊರಗೆ ಕಾಣುವುದು ಒಂದೇ ದೂರು: ನೀರು ತಣ್ಣಗಿದೆ.

ಹಾಸನದ ಸಾಲಗಾಮೆ ರಸ್ತೆ ಕಡೆಯ ಒಂದು ಮನೆಯಿಂದ ಜುಲೈ ಮಳೆಯಲ್ಲಿ ನನಗೆ ಬಂದ ಕರೆಯೂ ಇದೇ. 15 ಲೀಟರಿನ, 2000 ವಾಟ್‌ನ ಗೀಸರ್. "ಲೈಟೇನೋ ಉರೀತಾ ಇದೆ ಅಣ್ಣ, ಅರ್ಧ ಗಂಟೆ ಬಿಟ್ರೂ ನೀರು ಕಾಯ್ತಿಲ್ಲ" ಅಂದರು ಮನೆಯಾಕೆ. ಆ ಗೀಸರಿಗೆ ಎರಡು ಲೈಟು. ಕೆಂಪು ಪವರಿನದು, ಕಿತ್ತಳೆ ಬಣ್ಣದ್ದು ನೀರು ಕಾಯುತ್ತಿರುವುದನ್ನು ತೋರಿಸಲು. ಕೆಂಪು ಉರಿಯುತ್ತಿತ್ತು, ಕಿತ್ತಳೆ ಆರಿತ್ತು. ಎರಡನೇ ಲೈಟು ಸಾಮಾನ್ಯವಾಗಿ ಎಲಿಮೆಂಟಿನ ಎರಡು ತುದಿಗೇ ಜೋಡಿಸಿದ್ದಾಗಿರುತ್ತದೆ. ಅದು ಉರಿದೂ ನೀರು ತಣ್ಣಗಿದ್ದರೆ ಎಲಿಮೆಂಟ್ ಮೇಲೆ ಅನುಮಾನ, ಅದು ಆರಿದ್ದರೆ ಕಟ್‌ಔಟ್ ಅಥವಾ ಥರ್ಮೋಸ್ಟಾಟ್ ಮೇಲೆ. ಆದರೆ ಎಲ್ಲ ಮಾಡೆಲ್‌ಗಳಲ್ಲೂ ವೈರಿಂಗ್ ಒಂದೇ ಥರ ಇರುವುದಿಲ್ಲ. ಲೈಟು ದಾರಿ ತೋರಿಸುತ್ತೆ, ತೀರ್ಪು ಹೇಳಬೇಕಾದದ್ದು ಮಲ್ಟಿಮೀಟರ್.

ಕವರ್ ಬಿಚ್ಚುವ ಮೊದಲು ಸಾಕೆಟ್ ನೋಡಬೇಕು. 16 ಆಂಪಿಯರ್ ಪ್ಲಗ್ಗಿನ ಪಿನ್ ಕಪ್ಪಾಗಿದ್ದರೆ, ಸಾಕೆಟ್ಟಿನ ಪ್ಲಾಸ್ಟಿಕ್ ಕರಗಿದ್ದರೆ ಅಲ್ಲೇ ಸಂಪರ್ಕ ಸಡಿಲ. ಲೈಟಿಗೆ ಬೇಕಾದ ಕೆಲವು ಮಿಲಿಆಂಪಿಯರ್ ಆ ಸುಟ್ಟ ಜಾಗದಲ್ಲೂ ನುಸುಳುತ್ತದೆ, ಎಲಿಮೆಂಟಿಗೆ ಬೇಕಾದ 8.7 ಆಂಪಿಯರ್ ನುಸುಳುವುದಿಲ್ಲ. ಎಷ್ಟೋ ಕಡೆ ಗೀಸರ್ ಬಿಚ್ಚಿ, ಎಲ್ಲ ಸರಿ ಇದ್ದು, ಕೊನೆಗೆ ಸಾಕೆಟ್ ಬದಲಿಸಿ ಬರುವುದುಂಟು. ಈ ಮನೆಯಲ್ಲಿ ಪಿನ್ನು ಚೊಕ್ಕವಾಗಿತ್ತು. ವೋಲ್ಟೇಜ್ ಕಡಿಮೆ ಇದೆಯೇನೋ ಅನ್ನುವ ಮಾತೂ ಬಂತು. 180 ವೋಲ್ಟಿನಲ್ಲಿ 2000 ವಾಟ್‌ನ ಎಲಿಮೆಂಟ್ ಸುಮಾರು 1200 ವಾಟ್ ಕೊಡುತ್ತದೆ. ಅದರಿಂದ ನೀರು ಕಾಯುವುದು ನಿಧಾನವಾಗುತ್ತದೆ ಅಷ್ಟೆ, ನಲ್ಲಿಯಲ್ಲಿ ಬಂದಷ್ಟೇ ತಣ್ಣಗೆ ಉಳಿಯುವುದಿಲ್ಲ.

ಎಂಸಿಬಿ ಇಳಿಸಿ, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡ ಮೇಲೇ ಕೆಳಗಿನ ಕವರಿನ ಸ್ಕ್ರೂ ಬಿಚ್ಚಿದ್ದು. ಸ್ವಿಚ್ ಆಫ್ ಮಾಡಿದರೆ ಸಾಕು ಅನ್ನುವವರಿದ್ದಾರೆ, ಆದರೆ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದ ಮನೆಯಲ್ಲಿ ಸ್ವಿಚ್ ಆಫ್ ಇದ್ದರೂ ಒಳಗೆ ಕರೆಂಟ್ ಇರುತ್ತದೆ. ವೈರ್‌ಗಳ ಒಂದು ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು.

ಮೊದಲು ಎಲಿಮೆಂಟ್. ಅದರ ಒಂದು ವೈರ್ ಬಿಚ್ಚಿ, ಮೀಟರನ್ನು ಓಮ್‌ಗೆ ಇಟ್ಟು ಎರಡು ತುದಿ ಮುಟ್ಟಿಸಬೇಕು. 230 ವೋಲ್ಟಿಗೆ 2000 ವಾಟ್ ಅಂದರೆ 230 ಅನ್ನು 230ರಿಂದ ಗುಣಿಸಿ 2000ದಿಂದ ಭಾಗಿಸಿದರೆ 26.45 ಓಮ್. ಅದರ ಆಸುಪಾಸು ಬಂದರೆ ಕಾಯಿಲ್ ಕಡಿದಿಲ್ಲ. 3000 ವಾಟ್‌ನದಾದರೆ ಸುಮಾರು 17.6 ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ ಅಂತ. ಆಗ ಟ್ಯಾಂಕ್ ಖಾಲಿ ಮಾಡಿ ಎಲಿಮೆಂಟ್ ಜೊತೆಗೆ ಗ್ಯಾಸ್ಕೆಟ್ಟನ್ನೂ ಬದಲಿಸಬೇಕು. ಹೊರಗಿನ ಕೊಳವೆ ಬಿರಿದು ನೀರು ಒಳಗೆ ಹೋದ ಎಲಿಮೆಂಟ್ ಬೇರೆ ಜಾತಿ. ಅದು ನೀರಿಗೆ ಕರೆಂಟ್ ಬಿಡುತ್ತದೆ, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಇದ್ದ ಮನೆಯಲ್ಲಿ ಅದನ್ನು ಬೀಳಿಸುತ್ತದೆ. ಇಲ್ಲಿ ಮೀಟರ್ ತೋರಿಸಿದ್ದು 26.8. ಎಲಿಮೆಂಟ್ ನಿರಪರಾಧಿ.

ಮೀಟರನ್ನು ಕಂಟಿನ್ಯುಯಿಟಿಗೆ ಇಟ್ಟರೆ ಸಂಪರ್ಕ ಇರುವ ಕಡೆ ಅದು ಸದ್ದು ಮಾಡುತ್ತದೆ. ಥರ್ಮೋಸ್ಟಾಟಿನ ನಾಬನ್ನು ಪೂರ್ತಿ ತಿರುಗಿಸಿ ಅದರ ಎರಡು ಟರ್ಮಿನಲ್ ಮುಟ್ಟಿಸಿದರೆ ಮೀಟರ್ ಪೀಂಗುಟ್ಟಿತು. ತಣ್ಣೀರಿನಲ್ಲಿ ಅದು ಹಾಗೇ ಇರಬೇಕು. ಇನ್ನುಳಿದದ್ದು ಕಟ್‌ಔಟ್. ಬಟ್ಟೆ ಗುಂಡಿಯಷ್ಟು ದೊಡ್ಡದು, ಮಧ್ಯದಲ್ಲಿ ಕಡಲೆಕಾಳಿಗಿಂತ ಸಣ್ಣ ಕೆಂಪು ಬಟನ್. ಅದರ ತುದಿಗಳಲ್ಲಿ ಮೀಟರ್ ಸುಮ್ಮನಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಬಟನ್ ಒತ್ತಿದಾಗ ಟಿಕ್ ಅಂದಿತು, ಮೀಟರೂ ಪೀಂಗುಟ್ಟಿತು.

ಇಷ್ಟಕ್ಕೆ ಕವರ್ ಮುಚ್ಚಿ ದುಡ್ಡು ಇಸಿದುಕೊಂಡು ಹೋಗುವವರು ಬಹಳ. ಕಟ್‌ಔಟ್ ತಾನಾಗಿ ಬೀಳುವುದು ಅಪರೂಪ, ನೀರು ಮಿತಿ ಮೀರಿ ಕಾದಾಗ ಅದು ಬೀಳುತ್ತದೆ. ಹಾಗಾದರೆ ಮಿತಿ ಮೀರಿ ಕಾದದ್ದು ಯಾಕೆ?

"ಹಿಂದಿನ ದಿನ ನೀರು ಹೇಗಿತ್ತಮ್ಮಾ?"

"ಅಯ್ಯೋ, ನಲ್ಲಿ ಬಿಟ್ರೆ ಬುಸ್ ಅಂತ ಹಬೆ ಬರ್ತಿತ್ತು ಅಣ್ಣ. ಚೆನ್ನಾಗಿ ಕಾದಿದೆ ಅಂದ್ಕೊಂಡ್ವಿ."

ಅಲ್ಲಿಗೆ ಥರ್ಮೋಸ್ಟಾಟ್ ಮತ್ತೆ ಕಟಕಟೆಗೆ ಬಂತು. ತಣ್ಣೀರಿನಲ್ಲಿ ಪೀಂಗುಟ್ಟಿದ ಮಾತ್ರಕ್ಕೆ ಅದು ಸರಿ ಇದೆ ಅಂತಲ್ಲ. ಬಿಸಿಯಾದಾಗ ಸಂಪರ್ಕ ಬಿಡಬೇಕು, ಅದೇ ಅದರ ಕೆಲಸ. ಉದ್ದ ಕಡ್ಡಿಯ ಥರ್ಮೋಸ್ಟಾಟ್ ಒಣ ಕೊಳವೆಯೊಂದರಲ್ಲಿ ಕೂತಿರುತ್ತದೆ, ಟ್ಯಾಂಕಿನ ನೀರು ಇಳಿಸದೇ ಎಳೆದು ತೆಗೆಯಬಹುದು. ಅಡುಗೆಮನೆಯಲ್ಲಿ ನೀರು ಕುದಿಸಿ, ತಣ್ಣೀರು ಬೆರೆಸಿ 70 ಡಿಗ್ರಿ ಹತ್ತಿರಕ್ಕೆ ತಂದು, ನಾಬ್ ಕನಿಷ್ಠಕ್ಕೆ ಇಟ್ಟು, ಟರ್ಮಿನಲ್ಲಿಗೆ ಹನಿಯೂ ತಾಗದಂತೆ ಕಡ್ಡಿಯನ್ನಷ್ಟೇ ಮುಳುಗಿಸಿದೆ. ಸರಿ ಇರುವುದಾದರೆ ಸ್ವಲ್ಪ ಹೊತ್ತಿನಲ್ಲಿ ಟಿಕ್ ಅಂದು ಸಂಪರ್ಕ ಬಿಡಬೇಕು. ಇದು ಬಿಡಲೇ ಇಲ್ಲ. ನಾಬನ್ನು ಆ ಕಡೆ ಈ ಕಡೆ ತಿರುಗಿಸಿದರೂ ಟಿಕ್ ಸದ್ದಿಲ್ಲ. ಒಳಗಿನ ಕಾಂಟ್ಯಾಕ್ಟ್ ಬೆಸುಗೆ ಹಾಕಿದಂತೆ ಅಂಟಿಕೊಂಡಿತ್ತು.

ಅಂದರೆ ಥರ್ಮೋಸ್ಟಾಟ್ ಬಿಡದೆ ನೀರು ಕುದಿಯುವ ಹಂತ ಮುಟ್ಟಿದೆ, ಕಟ್‌ಔಟ್ ತನ್ನ ಕೆಲಸ ಮಾಡಿ ಬಿದ್ದಿದೆ, ಮರುದಿನ ನೀರು ತಣ್ಣಗಾಗಿದೆ. ತಣ್ಣೀರಿನ ದೂರಿನ ಹಿಂದೆ ಇದ್ದದ್ದು ಅತಿಯಾದ ಬಿಸಿ. ಬರೀ ಬಟನ್ ಒತ್ತಿ ಹೋಗಿದ್ದರೆ ಇನ್ನೊಂದು ಸಲ ಇದೇ ಆಟ. ಕಟ್‌ಔಟ್ ಪದೇ ಪದೇ ಬೀಳುತ್ತದೆಂದು ಅದರ ಎರಡು ಟರ್ಮಿನಲ್ಲಿಗೆ ವೈರ್ ತುಂಡು ಹಾಕಿ ನೇರ ಮಾಡುವವರನ್ನು ನೋಡಿದ್ದೇನೆ. ಹಾಗೆ ಮಾಡಿ ಥರ್ಮೋಸ್ಟಾಟ್ ಅಂಟಿಕೊಂಡರೆ, ಟ್ಯಾಂಕ್ ಸಿಡಿಯದಂತೆ ತಡೆಯಲು ಉಳಿಯುವುದು ಸೇಫ್ಟಿ ವಾಲ್ವ್ ಒಂದೇ. ಅದರ ಬಾಯಿಗೆ ಉಪ್ಪು ಕಟ್ಟಿರದಿದ್ದರೆ ಪುಣ್ಯ.

ಥರ್ಮೋಸ್ಟಾಟ್ ಸರಿ ಇದ್ದೂ ಕಟ್‌ಔಟ್ ಬಿದ್ದರೆ ಎಲಿಮೆಂಟಿನ ಮೇಲಿನ ಬಿಳಿ ಗಸಿ ನೋಡಬೇಕು. ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಥರ್ಮೋಸ್ಟಾಟಿನ ಕೊಳವೆಗೆ ಗಸಿ ದಪ್ಪನಾಗಿ ಕಟ್ಟಿ, ನೀರಿನ ಬಿಸಿ ಕಡ್ಡಿಗೆ ತಡವಾಗಿ ಮುಟ್ಟುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಹಳ್ಳದ ನೀರು ಬಳಸುವ ಮನೆಗಳಲ್ಲಿ ಈ ಕಾಟ ಕಡಿಮೆ. ಬಟನ್ನೇ ಇಲ್ಲದ, ಒಮ್ಮೆ ಹೋದರೆ ಹೋಯಿತು ಅನ್ನುವ ಥರ್ಮಲ್ ಫ್ಯೂಸ್ ಇರುವ ಮಾಡೆಲ್‌ಗಳೂ ಇವೆ. ಅದನ್ನು ಅದೇ ಡಿಗ್ರಿಯ, ಅದೇ ಆಂಪಿಯರಿನ ಫ್ಯೂಸಿನಿಂದಲೇ ಬದಲಿಸಬೇಕು.

ಹೊಸ ಥರ್ಮೋಸ್ಟಾಟ್ ತರುವಾಗ ಹಳೆಯದನ್ನು ಅಂಗಡಿಗೆ ಒಯ್ದು ಕಡ್ಡಿಯ ಉದ್ದ ಮತ್ತು ಅದರ ಮೇಲೆ ಬರೆದ ಆಂಪಿಯರ್ ತಾಳೆ ನೋಡಿ ತಂದದ್ದಾಯಿತು. ಟರ್ಮಿನಲ್ ಸ್ಕ್ರೂ ಬಿಗಿಯಾಗಿ ಕೂರಬೇಕು, ಸಡಿಲವಿದ್ದರೆ ಅದೇ ಕಾದು ಹೊಸ ಕಾಂಟ್ಯಾಕ್ಟನ್ನೂ ಸುಡುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ನೀರು ಒಂದೇ ಸಮ ಬರುವುದನ್ನು ನೋಡಿಕೊಂಡೇ ಸ್ವಿಚ್ ಹಾಕಬೇಕು, ಖಾಲಿ ಟ್ಯಾಂಕಿನಲ್ಲಿ ಹಾಕಿದರೆ ಎಲಿಮೆಂಟ್ ಸುಡುತ್ತದೆ.

ಎರಡೂ ಲೈಟು ಉರಿದವು. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು 2000 ವಾಟ್‌ಗೆ ಲೆಕ್ಕದ ಪ್ರಕಾರ 21 ನಿಮಿಷ ಬೇಕು. ಕಿತ್ತಳೆ ಲೈಟು 25 ನಿಮಿಷದೊಳಗೆ ಆರಿತು. ನಾಬ್ ಅಷ್ಟಕ್ಕೇ ಇಟ್ಟು ನಲ್ಲಿ ಮುಚ್ಚಿರುವಾಗ, ಆ ಲೈಟು ಮುಕ್ಕಾಲು ಗಂಟೆಯಾದರೂ ಆರದಿದ್ದರೆ ಸ್ವಿಚ್ ತೆಗೆದು ಕರೆಯಿರಿ ಅಂತ ಮನೆಯಾಕೆಗೆ ಹೇಳಿ ಬಂದೆ.