ವಂದನಾರ್ಪಣೆಯ ಒಂದೂವರೆ ನಿಮಿಷ

ಮಂಡ್ಯ ಸೀಮೆಯ ಹಳ್ಳಿ ಹೈಸ್ಕೂಲುಗಳ ವಾರ್ಷಿಕೋತ್ಸವದಲ್ಲಿ ನಾಡಗೀತೆಯಿಂದ ಹಿಡಿದು ಅಧ್ಯಕ್ಷರ ಭಾಷಣದವರೆಗೆ ಎಲ್ಲವೂ ಕನ್ನಡದಲ್ಲೇ ಸಾಗುತ್ತದೆ. ನಮ್ಮ ಶಾಲೆಯಲ್ಲಿ ವಂದನಾರ್ಪಣೆ ಮಾತ್ರ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಅದು ಒಂಬತ್ತನೇ ತರಗತಿಯವರ ಪಾಲು, ಏಕೆಂದರೆ ಹತ್ತನೆಯವರು ಆ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮುಳುಗಿರುತ್ತಿದ್ದರು. ಆಗಿನ ಇಂಗ್ಲಿಷ್ ಮೇಷ್ಟ್ರು ಈ ಪುಟ್ಟ ಭಾಷಣವನ್ನು ಕಟ್ಟಿಸುತ್ತಿದ್ದ ಕ್ರಮ ಈಗಿನ ಮಕ್ಕಳಿಗೂ ಬೇಕಾದೀತು. ಸಂಚಿಕೆಯ ನೆನಪಿನ ಪುಟಕ್ಕೆ ಅದನ್ನೇ ಬರೆದು ಕೊಡುತ್ತಿದ್ದೇನೆ.

ಮೊದಲು ಈ ಭಾಷಣಕ್ಕೆ ಸಿಗುವ ಜಾಗ ಎಂಥದು ನೋಡಿ. ಬಹುಮಾನ ಹಂಚಿ ಆಗಿದೆ, ಅತಿಥಿಗಳು ಮಾತು ಮುಗಿಸಿದ್ದಾರೆ, ಮುಂದಿನದು ಸಾಂಸ್ಕೃತಿಕ ಕಾರ್ಯಕ್ರಮ. ಪರದೆ ಹಿಂದೆ ಕೋಲಾಟದ ಮಕ್ಕಳು ಬಣ್ಣ ಹಚ್ಚಿಕೊಂಡು ಕಾಯುತ್ತಿದ್ದಾರೆ, ಮುಂದೆ ಕೂತ ತಾಯಂದಿರು ತಮ್ಮ ಮಗು ಯಾವಾಗ ಬರುತ್ತದೋ ಎಂದು ನೋಡುತ್ತಿದ್ದಾರೆ. ಇಲ್ಲಿ ಎರಡು ನಿಮಿಷ ದಾಟಿದರೆ ಯಾರೂ ಕೇಳುವುದಿಲ್ಲ. ಒಂಬತ್ತನೇ ತರಗತಿಯ ಮಗು ನಿಧಾನವಾಗಿ, ಸ್ಪಷ್ಟವಾಗಿ ಓದಿದರೆ ನಿಮಿಷಕ್ಕೆ ಸುಮಾರು 100 ಪದ ಹೋಗುತ್ತದೆ. ಹಾಗಾಗಿ ಭಾಷಣ 150 ಪದದ ಆಸುಪಾಸಿನಲ್ಲಿ ನಿಲ್ಲಬೇಕು. ಗಾಬರಿಯಲ್ಲಿ ಓಡಿಸಿದರೆ ಅದೇ 150 ಪದ ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ, ಒಂದು ಹೆಸರೂ ಕಿವಿಗೆ ಬೀಳುವುದಿಲ್ಲ.

ಬರೆಯುವ ಮೊದಲು ಪಟ್ಟಿ. ಆಹ್ವಾನ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಅದರಲ್ಲಿ ಹೆಸರುಗಳು ಅಚ್ಚಾದ ಅನುಕ್ರಮದಲ್ಲೇ ಬರೆದುಕೊಳ್ಳಬೇಕು. ಅಧ್ಯಕ್ಷರು ಮೊದಲೋ ಮುಖ್ಯ ಅತಿಥಿಗಳು ಮೊದಲೋ ಎಂಬ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಪತ್ರಿಕೆಯನ್ನು ಊರೆಲ್ಲ ನೋಡಿರುತ್ತದೆ, ಸ್ವಾಗತ ಭಾಷಣವೂ ಅದೇ ಸಾಲಿನಲ್ಲಿ ಹೋಗಿರುತ್ತದೆ. ಪತ್ರಿಕೆಯಲ್ಲಿಲ್ಲದವರು ಆಮೇಲೆ: ಬಹುಮಾನ ಕೊಡಿಸಿದ ಡೇರಿಯವರು, ಶಾಮಿಯಾನದವರು, ಮೈಕಿನವರು, ಬಿಸಿಯೂಟದ ಅಕ್ಕಂದಿರು, ಸಂಜೆ ಕರೆಂಟು ಹೋಗದಂತೆ ನೋಡಿಕೊಂಡ ಲೈನ್‌ಮನ್. ಸೆಸ್ಕ್ ಬಂದು ವರ್ಷಗಳಾದರೂ ನಮ್ಮೂರಲ್ಲಿ ಅವರು ಇಂದಿಗೂ ಕೆಇಬಿಯವರೇ.

ಪ್ರತಿ ಹೆಸರಿನ ಎದುರು ಅವರು ಮಾಡಿದ ಒಂದೇ ಒಂದು ಕೆಲಸ ಬರೆಯಬೇಕು. ಇಡೀ ಭಾಷಣದ ಜೀವ ಇರುವುದು ಈ ಎರಡನೇ ಕಾಲಮ್ಮಿನಲ್ಲಿ. "ಏನು ಮಾಡಿದ್ರು ಅಂತ ಹೇಳಮ್ಮ, ಎಷ್ಟು ದೊಡ್ಡೋರು ಅಂತ ಬೇಡ" ಎನ್ನುತ್ತಿದ್ದರು ಮೇಷ್ಟ್ರು. ಎದುರಿಗೆ ಬರೆಯಲು ಏನೂ ಹೊಳೆಯದಿದ್ದರೆ ಆ ಹೆಸರನ್ನು ಬಿಡಿಬಿಡಿಯಾಗಿ ಹೇಳದೆ "ಸಮಿತಿಯ ಸದಸ್ಯರು" ಎಂಬ ಗುಂಪಿಗೆ ಸೇರಿಸಬಹುದು. ದಾನಿಗಳ ವಿಷಯದಲ್ಲಿ ಮಾತ್ರ ಹೆಡ್‌ಮಾಸ್ಟರನ್ನು ಕೇಳದೆ ಪಟ್ಟಿ ಮುಗಿಸಬಾರದು. ಕೊಡುತ್ತೇನೆಂದವರು ಬೇರೆ, ಕೊಟ್ಟವರು ಬೇರೆ. ಮೊತ್ತವನ್ನಂತೂ ಹೇಳಲೇಬಾರದು, ಪಕ್ಕದಲ್ಲಿ ಕೂತ ಇನ್ನೊಬ್ಬ ದಾನಿಗೆ ಇರಿಸುಮುರಿಸಾಗುತ್ತದೆ.

ವಾಕ್ಯಕ್ಕೆ ಒಂದೇ ಅಚ್ಚು ಸಾಕು: "ವಿ ಥ್ಯಾಂಕ್" ಎಂದು ಶುರು, ಆಮೇಲೆ ವ್ಯಕ್ತಿ, ಆಮೇಲೆ "ಫಾರ್", ಕೊನೆಗೆ ಅವರು ಮಾಡಿದ ಕೆಲಸ. ತಪ್ಪುಗಳು ಎರಡು ಕಡೆ ನುಸುಳುತ್ತವೆ. ಅತಿಥಿಗಳಿಗೆ, ಗುರುಗಳಿಗೆ ಎಂದು ಹೇಳಿ ರೂಢಿಯಾದ ನಾಲಿಗೆ ಆ "ಗೆ"ಯನ್ನು ಇಂಗ್ಲಿಷಿಗೂ ಎಳೆದು "ವಿ ಥ್ಯಾಂಕ್ ಟು ಅವರ್ ಚೀಫ್ ಗೆಸ್ಟ್" ಎಂದುಬಿಡುತ್ತದೆ. ಅಲ್ಲಿ "ಟು" ಬೇಡವೇ ಬೇಡ. ಇನ್ನೊಂದು "ಫಾರ್" ಆದ ಮೇಲೆ. ಅದರ ಮುಂದೆ "ಕಮಿಂಗ್", "ಗಿವಿಂಗ್" ಎಂದು "ಇಂಗ್" ಬಾಲದ ಪದವಾದರೂ ಬರಬೇಕು, "ದ ಫುಡ್", "ದ ಪ್ರೈಜಸ್" ಎಂದು ವಸ್ತುವಿನ ಹೆಸರಾದರೂ ಬರಬೇಕು. "ಫಾರ್ ಕೇಮ್" ಆಗದು. ಹೆಸರು ಹೇಳಿಕೊಳ್ಳುವಾಗ "ಮೈಸೆಲ್ಫ್" ಎಂದು ಆರಂಭಿಸುವ ಚಾಳಿ ದೊಡ್ಡವರಲ್ಲೂ ಇದೆ, "ಐ ಆಮ್" ಸಾಕು.

ಒಂದು ಭಾಷಣವನ್ನೇ ಪೂರ್ತಿ ಬರೆದು ನೋಡೋಣ. ಹೆಸರಿನ ಜಾಗ ಖಾಲಿ ಬಿಟ್ಟಿದೆ, ಉಸಿರು ತೆಗೆದುಕೊಳ್ಳುವಲ್ಲಿ ಓರೆಗೆರೆ ಹಾಕಿದೆ.

"ರೆಸ್ಪೆಕ್ಟೆಡ್ ಪ್ರೆಸಿಡೆಂಟ್, / ರೆಸ್ಪೆಕ್ಟೆಡ್ ಚೀಫ್ ಗೆಸ್ಟ್, / ಹೆಡ್‌ಮಾಸ್ಟರ್, ಟೀಚರ್ಸ್, ಪೇರೆಂಟ್ಸ್ / ಅಂಡ್ ಮೈ ಡಿಯರ್ ಫ್ರೆಂಡ್ಸ್, / ಗುಡ್ ಈವ್ನಿಂಗ್. ಐ ಆಮ್ … / ಆಫ್ ನೈನ್ತ್ ಸ್ಟ್ಯಾಂಡರ್ಡ್. / ಐ ಸ್ಟ್ಯಾಂಡ್ ಹಿಯರ್ / ಟು ಪ್ರಪೋಸ್ ದ ವೋಟ್ ಆಫ್ ಥ್ಯಾಂಕ್ಸ್.

ವಿ ಥ್ಯಾಂಕ್ ಅವರ್ ಪ್ರೆಸಿಡೆಂಟ್, / ಶ್ರೀ …, / ಫಾರ್ ಗೈಡಿಂಗ್ ದಿಸ್ ಫಂಕ್ಷನ್ / ಫ್ರಮ್ ಬಿಗಿನಿಂಗ್ ಟು ಎಂಡ್. / ವಿ ಥ್ಯಾಂಕ್ ಅವರ್ ಚೀಫ್ ಗೆಸ್ಟ್, / ಶ್ರೀ …, / ಫಾರ್ ಕಮಿಂಗ್ ಟು ಅವರ್ ವಿಲೇಜ್ / ಅಂಡ್ ಫಾರ್ ಗಿವಿಂಗ್ ಅವೇ ದ ಪ್ರೈಜಸ್. / ವಿ ಥ್ಯಾಂಕ್ ದ ಎಸ್‌ಡಿಎಂಸಿ ಪ್ರೆಸಿಡೆಂಟ್ ಅಂಡ್ ಮೆಂಬರ್ಸ್ / ಫಾರ್ ಪೇಂಟಿಂಗ್ ಅವರ್ ಕ್ಲಾಸ್‌ರೂಮ್ಸ್ ದಿಸ್ ಇಯರ್.

ವಿ ಥ್ಯಾಂಕ್ ಅವರ್ ಹೆಡ್‌ಮಾಸ್ಟರ್ ಅಂಡ್ ಟೀಚರ್ಸ್ / ಫಾರ್ ಸ್ಟೇಯಿಂಗ್ ಲೇಟ್ ಎವ್ರಿ ಈವ್ನಿಂಗ್ / ಫಾರ್ ಅವರ್ ಪ್ರಾಕ್ಟೀಸ್. / ವಿ ಥ್ಯಾಂಕ್ ದ ಮಿಲ್ಕ್ ಸೊಸೈಟಿ / ಫಾರ್ ದ ಪ್ರೈಜಸ್, / ಅಂಡ್ ಅವರ್ ಕುಕ್ಸ್ / ಫಾರ್ ದ ಫುಡ್. / ವಿ ಥ್ಯಾಂಕ್ ದ ಮೆನ್ ಹೂ ಪುಟ್ ಅಪ್ ದ ಸ್ಟೇಜ್, / ದ ಲೈಟ್ಸ್ ಅಂಡ್ ದ ಮೈಕ್. / ವಿ ಥ್ಯಾಂಕ್ ಅವರ್ ಪೇರೆಂಟ್ಸ್ / ಫಾರ್ ಲೀವಿಂಗ್ ದೇರ್ ವರ್ಕ್ / ಅಂಡ್ ಸಿಟಿಂಗ್ ವಿತ್ ಅಸ್ ಟುನೈಟ್.

ಮೈ ಫ್ರೆಂಡ್ಸ್ ಆರ್ ರೆಡಿ ವಿತ್ ದೇರ್ ಡ್ಯಾನ್ಸಸ್. / ಪ್ಲೀಸ್ ಸ್ಟೇ ಅಂಡ್ ವಾಚ್ ದೆಮ್. / ಥ್ಯಾಂಕ್ ಯು. / ಜೈ ಹಿಂದ್. ಜೈ ಕರ್ನಾಟಕ."

ಇದರಲ್ಲಿ "ಲಾಸ್ಟ್ ಬಟ್ ನಾಟ್ ಲೀಸ್ಟ್" ಇಲ್ಲ. ಒಮ್ಮೆ ಹೇಳಿದವರು ಮತ್ತೊಂದು ಹೆಸರು ನೆನಪಾದ ಕೂಡಲೇ ಮತ್ತೊಮ್ಮೆ ಹೇಳುತ್ತಾರೆ, ಮೂರನೆಯ ಬಾರಿಗೆ ಸಭೆಯೇ ನಗುತ್ತದೆ. "ಡಿಗ್ನಿಟರೀಸ್ ಆನ್ ದ ಡಯಾಸ್ ಅಂಡ್ ಆಫ್ ದ ಡಯಾಸ್" ಎಂಬುದೂ ಇಲ್ಲ. ಕೆಳಗೆ ಕೂತವರು ಪೇರೆಂಟ್ಸ್, ಅವರನ್ನು ಹಾಗೆಂದೇ ಕರೆಯುವುದು ನೇರ. "ಇನ್ ಸ್ಪೈಟ್ ಆಫ್ ಹಿಸ್ ಬಿಜಿ ಶೆಡ್ಯೂಲ್" ಕೂಡ ನನ್ನ ಮಟ್ಟಿಗೆ ದಂಡ. ಅತಿಥಿಗಳಿಗೆ ಬಿಡುವಿಲ್ಲ ಎಂಬುದನ್ನು ಸ್ವಾಗತ ಮಾಡಿದವರು ಆಗಲೇ ಹೇಳಿರುತ್ತಾರೆ.

"ಥ್ಯಾಂಕ್ ಯು" ಇಡೀ ಭಾಷಣದಲ್ಲಿ ಒಂದೇ ಸಲ ಬಂದಿರುವುದನ್ನು ಗಮನಿಸಿ, ಅದೂ ಕೊನೆಯಲ್ಲಿ. ನಡುವೆ ಎಲ್ಲಾದರೂ "ಥ್ಯಾಂಕ್ ಯು ಸರ್" ಎಂದರೆ ಸಭೆ ಭಾಷಣ ಮುಗಿಯಿತೆಂದು ಚಪ್ಪಾಳೆ ಹೊಡೆಯುತ್ತದೆ, ಮೈಕಿನವನು ಮೊದಲ ಡ್ಯಾನ್ಸಿನ ಹಾಡು ಹಾಕಿಬಿಡುತ್ತಾನೆ. ಆಮೇಲೆ ಹೇಳುವ ಹೆಸರುಗಳು ಹಾಡಿನಡಿಯಲ್ಲಿ ಸಾಯುತ್ತವೆ. ಅದಕ್ಕೇ ಒಳಗೆಲ್ಲ "ವಿ ಥ್ಯಾಂಕ್" ಮಾತ್ರ. "ಜೈ ಕರ್ನಾಟಕ" ಕೇಳುವವರೆಗೆ ಹಾಡು ಹಾಕಬಾರದೆಂದು ಮೈಕಿನವನಿಗೆ ಮೊದಲೇ ಹೇಳಿಡಬೇಕು. ಅವನಿಗೆ ಇಂಗ್ಲಿಷ್ ತಿಳಿಯದಿದ್ದರೂ ಆ ಎರಡು ಪದ ತಿಳಿಯುತ್ತವೆ.

ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಓದಬಹುದೇ ಎಂದು ಮಕ್ಕಳು ಅಳುಕುತ್ತಾರೆ. ಧಾರಾಳವಾಗಿ ಓದಬಹುದು, ಮೇಲಿನ ಸಾಲಿನಲ್ಲಿ ಇಂಗ್ಲಿಷ್, ಕೆಳಗೆ ಕನ್ನಡ, ನಡುವೆ ಒಂದು ಗೆರೆ ಖಾಲಿ. ಆದರೆ ಕನ್ನಡ ಅಕ್ಷರ ಕಂಡ ಕೂಡಲೇ ಓಟ ಕನ್ನಡದ್ದಾಗಿ ಪದದ ಕೊನೆಗೆ ಉಕಾರ ಅಂಟಿ "ಥ್ಯಾಂಕು", "ಗೆಸ್ಟು" ಆಗುತ್ತದೆ. ಓರೆಗೆರೆ ಇರುವುದು ಅದನ್ನು ತಡೆಯಲಿಕ್ಕೇ. ಗೆರೆಯಿಂದ ಗೆರೆಗೆ ಒಂದೇ ಉಸಿರು, ಗೆರೆಯಲ್ಲಿ ನಿಲುಗಡೆ. "ಅವರ್" ಎಂಬುದನ್ನು ಕಣ್ಣು ಕನ್ನಡದ "ಅವರ" ಎಂದು ಓದಿ ಮುಗ್ಗರಿಸುವುದುಂಟು, ಹಾಗಾದವರು "ಔರ್" ಎಂದು ಬರೆದುಕೊಂಡರೆ ಸರಿಹೋಗುತ್ತದೆ.

ನಮ್ಮ ಕಡೆಯ ಮಾತಿನಲ್ಲಿ ಹಕಾರ ಜಾರುವುದು ಸಹಜ. ಹೆಡ್‌ಮಾಸ್ಟರ್ "ಎಡ್ಮಾಷ್ಟ್ರು" ಆಗುತ್ತಾರೆ, ಹೆಲ್ಪ್ "ಎಲ್ಪ್" ಆಗುತ್ತದೆ. ಅದನ್ನು ತಿದ್ದಲು ಹೊರಟವರು ಬೇಡದ ಕಡೆಗೂ ಹಕಾರ ಹಚ್ಚಿ "ಹಾನರಬಲ್" ಎನ್ನುತ್ತಾರೆ, ಅದು "ಆನರಬಲ್". ಕಷ್ಟವಾದರೆ ಆ ಪದವನ್ನೇ ಬಿಟ್ಟು "ರೆಸ್ಪೆಕ್ಟೆಡ್" ಹಾಕಿಕೊಳ್ಳುವುದು ಜಾಣತನ. ಬಾಯಿಗೆ ಕೂರದ ಪದ ಯಾವುದೆಂದು ತಿಳಿಯಲು ಒಂದು ಉಪಾಯವಿದೆ. ಗೆಳತಿಯೊಬ್ಬಳನ್ನು ಮೈದಾನದ ಆ ತುದಿಯಲ್ಲಿ ನಿಲ್ಲಿಸಿ ಮೈಕಿಲ್ಲದೆ ಓದಿ, ಅವಳಿಗೆ ಕೇಳಿಸಿದ್ದನ್ನು ಬರೆಯಲು ಹೇಳಿ. ಅವಳು ಬಿಟ್ಟ ಪದಗಳನ್ನು ಮಾತ್ರ ಮತ್ತೆ ಅಭ್ಯಾಸ ಮಾಡಿದರೆ ಸಾಕು, ಇಡೀ ಭಾಷಣ ಬೇಕಿಲ್ಲ.

ಹೆಸರುಗಳನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಬಿಇಒ ಬರುವರೆಂದು ಅಚ್ಚಾಗಿದ್ದರೂ ಅವರ ಬದಲು ಬೇರೊಬ್ಬ ಅಧಿಕಾರಿ ಬರಬಹುದು. ಸ್ವಾಗತದ ಹೊತ್ತಿನಲ್ಲಿ ವೇದಿಕೆಯ ಪಕ್ಕ ನಿಂತು ಯಾರು ಬಂದರು, ಯಾವ ಹೆಸರು ಕೂಗಿದರು ಎಂದು ಪಟ್ಟಿಗೆ ಗುರುತು ಹಾಕಿಕೊಳ್ಳಬೇಕು. ಬಾರದವರಿಗೆ "ಫಾರ್ ಕಮಿಂಗ್" ಹೇಳುವಷ್ಟು ಮುಜುಗರ ಇನ್ನೊಂದಿಲ್ಲ. ಮುಖ್ಯ ಅತಿಥಿಗಳು ಮಾತು ಮುಗಿಸಿ ಇನ್ನೊಂದು ಕಾರ್ಯಕ್ರಮಕ್ಕೆ ಹೊರಟುಬಿಡುವುದು ವಾಡಿಕೆ. ಆಗ ಅವರ ವಾಕ್ಯವನ್ನು ತೆಗೆಯಬೇಕಿಲ್ಲ, ಖಾಲಿ ಕುರ್ಚಿಯತ್ತ ಕೈ ತೋರಿಸದೆ ಸಭೆಯನ್ನು ನೋಡಿಕೊಂಡು "ವಿ ಥ್ಯಾಂಕ್ ಅವರ್ ಚೀಫ್ ಗೆಸ್ಟ್, / ಹೂ ವಾಸ್ ವಿತ್ ಅಸ್ ದಿಸ್ ಈವ್ನಿಂಗ್" ಎಂದರಾಯಿತು. ಅವರ ಜೊತೆ ಬಂದವರು ಯಾರಾದರೂ ವೇದಿಕೆಯಲ್ಲಿ ಉಳಿದಿದ್ದರೆ ಅವರ ಹೆಸರನ್ನು ಅಲ್ಲೇ ಸೇರಿಸಿ, ಆಮೇಲೆ ಎಸ್‌ಡಿಎಂಸಿಯ ವಾಕ್ಯಕ್ಕೆ ಹೋಗಬೇಕು.