ಮೈನಸ್ ಒಂದು ನುಂಗಿದ 19 ನಿಮಿಷ

2024 ನವೆಂಬರ್ 17, ಭಾನುವಾರ

ಪರೀಕ್ಷೆಗೆ ಮೂರು ವಾರ ಉಳಿದಿರುವುದರಿಂದ ಇಂದು ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನ ಒಂದು ಮಾದರಿ ಪತ್ರಿಕೆಯನ್ನು ಪೂರ್ತಿಯಾಗಿ ಬರೆದೆ. 100 ಅಂಕಗಳ ಆ ಪತ್ರಿಕೆಯಲ್ಲಿ ತಲಾ 20 ಅಂಕಗಳ ಎರಡು ಲೆಕ್ಕಗಳು, ತಲಾ 10 ಅಂಕಗಳ ನಾಲ್ಕು ಥಿಯರಿ ಪ್ರಶ್ನೆಗಳು ಮತ್ತು 20 ಅಂಕಗಳ ಒಂದು ಕೇಸ್ ಇದ್ದವು. ಪತ್ರಿಕೆ ಓದಲು 10 ನಿಮಿಷ, ಕೊನೆಯಲ್ಲಿ ಪರಿಶೀಲಿಸಲು 10 ನಿಮಿಷ ತೆಗೆದಿಟ್ಟರೆ ಬರೆಯಲು 160 ನಿಮಿಷ ಉಳಿಯುತ್ತದೆ. ಅಂದರೆ ಅಂಕವೊಂದಕ್ಕೆ 1.6 ನಿಮಿಷ, 20 ಅಂಕಗಳ ಪ್ರಶ್ನೆಗೆ 32 ನಿಮಿಷ. ಇದೆಲ್ಲ ಮೊದಲೇ ಗೊತ್ತಿದ್ದರೂ ಮೊದಲನೆಯ ಲೆಕ್ಕವೇ 51 ನಿಮಿಷ ತೆಗೆದುಕೊಂಡಿತು. ಥಿಯರಿಗೆ 64ರ ಬದಲು 73 ನಿಮಿಷ ಹಿಡಿಯಿತು. ಕೊನೆಗೆ ಕೇಸ್‌ಗೆ ಉಳಿದದ್ದು 14 ನಿಮಿಷ ಮಾತ್ರ, ಪರಿಶೀಲನೆಗೆ ಏನೂ ಇಲ್ಲ.

ಆ 51 ನಿಮಿಷ ಎಲ್ಲಿ ಹೋಯಿತೆಂದು ಸಂಜೆ ಕುಳಿತು ಹುಡುಕಿದೆ. ಅದೊಂದು ಸಾಧಾರಣ ನೆಟ್‌ವರ್ಕ್ ಲೆಕ್ಕ, ಅಂದರೆ ಯಾವ ಚಟುವಟಿಕೆ ಯಾವುದರ ನಂತರ ಎಂದು ಜೋಡಿಸಿ ಯೋಜನೆಯ ಅವಧಿ ಕಂಡುಹಿಡಿಯುವುದು. ಕ (4 ದಿನ) ಮತ್ತು ಖ (6 ದಿನ) ಮೊದಲಿಗೇ ಆರಂಭವಾಗುತ್ತವೆ. ಕ ಮುಗಿದ ಮೇಲೆ ಗ (6 ದಿನ). ಕ ಮತ್ತು ಖ ಎರಡೂ ಮುಗಿದ ಮೇಲೆ ಘ (3 ದಿನ). ಗ ಮತ್ತು ಘ ಮುಗಿದ ಮೇಲೆ ಚ (7 ದಿನ). ಘ ಮುಗಿದ ಮೇಲೆ ಛ (4 ದಿನ). ಆರಂಭದಿಂದ ದಿನಗಳನ್ನು ಕೂಡುತ್ತ ಹೋಗುವ ಫಾರ್ವರ್ಡ್ ಪಾಸ್‌ನಲ್ಲಿ ಗ 10ನೇ ದಿನಕ್ಕೆ, ಘ 9ನೇ ದಿನಕ್ಕೆ ಮುಗಿಯುತ್ತವೆ. ಚ ಆರಂಭವಾಗಬೇಕಾದದ್ದು ಇವೆರಡರಲ್ಲಿ ದೊಡ್ಡದಾದ 10ರಿಂದ. ಅವಸರದಲ್ಲಿ 9 ಎಂದು ಬರೆದೆ, ಯೋಜನೆಯ ಅವಧಿ 17ರ ಬದಲು 16 ದಿನವಾಯಿತು. ಬ್ಯಾಕ್‌ವರ್ಡ್ ಪಾಸ್ ಮಾಡುತ್ತ, ಅಂದರೆ ಕೊನೆಯ ದಿನದಿಂದ ಕಳೆಯುತ್ತ ಹಿಂದಕ್ಕೆ ಬಂದಾಗ ಕ ಆರಂಭವಾಗಬೇಕಾದ ದಿನ ಮೈನಸ್ ಒಂದು ಎಂದು ಬಂದಿತು. ಗಾಬರಿಯಾಗಿ ಇಡೀ ಕೋಷ್ಟಕವನ್ನು ಹೊಡೆದುಹಾಕಿ ಮೊದಲಿನಿಂದ ಬರೆದೆ.

ಹೊಡೆದುಹಾಕುವ ಅಗತ್ಯವೇ ಇರಲಿಲ್ಲ. ಕೂಡುವುದರಲ್ಲಿ ತಪ್ಪಾಗದಿದ್ದರೆ ಫಾರ್ವರ್ಡ್ ಪಾಸ್‌ನಲ್ಲಿ ಎಡವುವುದು ಎರಡು ದಾರಿಗಳು ಸೇರುವ ಕಡೆಯಲ್ಲಿ. ಈ ನೆಟ್‌ವರ್ಕ್‌ನಲ್ಲಿ ಅಂಥ ಜಾಗ ಘ ಮತ್ತು ಚ ಎರಡೇ. ಆ ಎರಡು ಸಾಲುಗಳನ್ನಷ್ಟೇ ನೋಡಿದ್ದರೆ ಒಂದೆರಡು ನಿಮಿಷದಲ್ಲಿ 9 ಕಣ್ಣಿಗೆ ಬೀಳುತ್ತಿತ್ತು. ಬ್ಯಾಕ್‌ವರ್ಡ್ ಪಾಸ್‌ನಲ್ಲಾದರೆ ದಾರಿ ಕವಲೊಡೆಯುವ ಕ ಮತ್ತು ಘ ಸಾಲುಗಳನ್ನು ನೋಡಬೇಕು, ಅಲ್ಲಿ ಚಿಕ್ಕ ಸಂಖ್ಯೆಯನ್ನು ತೆಗೆದುಕೊಳ್ಳಬೇಕು.

ಇದನ್ನು ಪರೀಕ್ಷಿಸುತ್ತಿರುವಾಗಲೇ ಇನ್ನೊಂದು ವಿಷಯ ಹೊಳೆಯಿತು, ನನ್ನನ್ನು ಹೆಚ್ಚು ಕಾಡುತ್ತಿರುವುದು ಅದೇ. ಮೊದಲ ಚಟುವಟಿಕೆ ಸೊನ್ನೆಗೆ ಬಂದು ನಿಂತರೆ ಲೆಕ್ಕ ಸರಿ ಎಂದು ನಾನು ಇಲ್ಲಿಯವರೆಗೆ ನಂಬಿದ್ದೆ. ಘ ಮುಗಿಯಲೇಬೇಕಾದ ದಿನವನ್ನು ಚ ಕಡೆಯಿಂದ ಬರುವ 10ರ ಬದಲು ಛ ಕಡೆಯಿಂದ ಬರುವ 13 ಎಂದು ತಪ್ಪಾಗಿ ತೆಗೆದುಕೊಂಡರೂ ಕ ಸೊನ್ನೆಯಲ್ಲೇ ನಿಲ್ಲುತ್ತದೆ, ಏಕೆಂದರೆ ಆ ತಪ್ಪು ಅತಿ ಉದ್ದದ ದಾರಿ, ಅಂದರೆ ಕ್ರಿಟಿಕಲ್ ಪಾತ್ ಆದ ಕ-ಗ-ಚ ಮೇಲಿಲ್ಲ. ಆದರೆ ಘ ಚಟುವಟಿಕೆಯ ಫ್ಲೋಟ್, ಅಂದರೆ ಯೋಜನೆ ತಡವಾಗದಂತೆ ಅದು ಎಷ್ಟು ದಿನ ತಡವಾಗಬಹುದೆಂಬ ಲೆಕ್ಕ, 1ರ ಬದಲು 4 ಆಗುತ್ತದೆ, ಮುಂದೆ ಅವಧಿ ಕಡಿಮೆ ಮಾಡುವ ಕ್ರ್ಯಾಶಿಂಗ್ ಭಾಗ ಪೂರ್ತಿ ಕೆಡುತ್ತದೆ: ಗ ಚಟುವಟಿಕೆಯನ್ನು 3 ದಿನ ಮೊಟಕುಗೊಳಿಸಿದರೆ 14 ದಿನಕ್ಕೆ ಮುಗಿಯುತ್ತದೆಂದು ಬರೆದುಬಿಡುತ್ತೇವೆ, ನಿಜವಾಗಿ ಖ-ಘ-ಚ ದಾರಿ 16 ದಿನಕ್ಕೇ ತಡೆಯುತ್ತದೆ. ಘ ಮೂಲಕ ಹೋಗುವ ಅತಿ ಉದ್ದದ ದಾರಿಯನ್ನು ಕೂಡಿ, 6+3+7=16, ಅದನ್ನು 17ರಿಂದ ಕಳೆದರೆ ಫ್ಲೋಟ್ 1 ಎಂದು ಖಾತ್ರಿಯಾಗುತ್ತದೆ. ಇದಕ್ಕೆ ಅರ್ಧ ನಿಮಿಷ ಸಾಕು, ಕ್ರ್ಯಾಶಿಂಗ್ ಶುರು ಮಾಡುವ ಮೊದಲೇ ಇದನ್ನು ಮಾಡಬೇಕು.

ಥಿಯರಿಯಲ್ಲಿ ಹೆಚ್ಚು ಹೋದ 9 ನಿಮಿಷದ ಕಾರಣ ಸರಳ: ಚೆನ್ನಾಗಿ ಗೊತ್ತಿದ್ದ ಒಂದು ಪ್ರಶ್ನೆಗೆ ನಾಲ್ಕು ಪುಟ ಬರೆದೆ.

ಕೇಸ್‌ನ ಉತ್ತರವನ್ನು ಈಗ ಓದಿದರೆ ಬೇಸರವಾಗುತ್ತದೆ. ಗುತ್ತಿಗೆದಾರ ಯಾವ ಹಂತದಲ್ಲಿ ತಡಮಾಡಿದ, ಬದಲಾವಣೆಗೆ ಒಪ್ಪಿಗೆ ಕೊಟ್ಟವರು ಯಾರು ಎಂಬ ವಿವರಗಳೆಲ್ಲ ಪ್ರಶ್ನೆಯಲ್ಲೇ ಇದ್ದವು. ನನ್ನ ಉತ್ತರದಲ್ಲಿ ಅವುಗಳಲ್ಲಿ ಒಂದೂ ಇಲ್ಲ, ಯಾವ ಯೋಜನೆಗೂ ಹೊಂದುವ ವಾಕ್ಯಗಳಷ್ಟೇ ಇವೆ. ಆದ್ದರಿಂದ ಮುಂದಿನ ಭಾನುವಾರ ಕ್ರಮವನ್ನು ಬದಲಿಸುತ್ತಿದ್ದೇನೆ. ಓದುವ 10 ನಿಮಿಷದಲ್ಲಿ ಕೇಸ್‌ನ ಕೆಳಗಿರುವ ಪ್ರಶ್ನೆಗಳನ್ನು ಮೊದಲು ಓದಿ, ಅನಂತರ ವಿವರಗಳಿಗೆ ಗೆರೆ ಎಳೆಯುತ್ತೇನೆ. 10:42ಕ್ಕೆ ಮೊದಲ ಲೆಕ್ಕ ಮುಗಿಯಬೇಕು, 11:14ಕ್ಕೆ ಕೇಸ್, 11:46ಕ್ಕೆ ಎರಡನೆಯ ಲೆಕ್ಕ, 12:50ಕ್ಕೆ ಥಿಯರಿ. 10:42ಕ್ಕೆ ಲೆಕ್ಕ ಮುಗಿಯದಿದ್ದರೆ, ಮುಂದಿನ ಹಂತಗಳಲ್ಲಿ ಏನು ಮಾಡಬೇಕೆಂಬುದನ್ನು ಎರಡು ಸಾಲಿನಲ್ಲಿ ಬರೆದು ಅರ್ಧ ಪುಟ ಖಾಲಿ ಬಿಟ್ಟು ಕೇಸ್‌ಗೆ ಹೋಗುತ್ತೇನೆ. ಹಂತ ಹಂತಕ್ಕೂ ಅಂಕವಿರುವ ಕಡೆ ಸರಿಯಾದ ಚಿತ್ರ ಮತ್ತು ಫಾರ್ವರ್ಡ್ ಪಾಸ್ ಅಷ್ಟಕ್ಕೇ ಒಂದು ಪಾಲು ಅಂಕ ಬಂದೇ ಬರುತ್ತದೆ, ಕೇಸ್‌ನ ಖಾಲಿ ಪುಟಕ್ಕೆ ಬರುವುದಿಲ್ಲ.